ಹತ್ತು ಸಾವಿರದ ಡಿವಿಡೆಂಡ್‌ಗೆ 1,800 ರೂಪಾಯಿ ಟಿಡಿಎಸ್: ಇದು ಯಾವ ಲೆಕ್ಕ?

ಪ್ರಶ್ನೆ: ನಮ್ಮ ಅಪ್ಪನಿಗೆ 67 ವರ್ಷ. ಶಿರಸಿ ಹತ್ತಿರ ಅಡಿಕೆ ತೋಟ ಇದೆ. ಖರ್ಚು ಕಳೆದು ವರ್ಷಕ್ಕೆ ಆರೂವರೆ ಲಕ್ಷ ಉಳಿಯುತ್ತದೆ. ಬ್ಯಾಂಕಿನ ಎಫ್‌ಡಿ ಬಡ್ಡಿ 1,60,000. ಅದಕ್ಕೆ ಟಿಡಿಎಸ್ ಹಿಡಿಯಬೇಡಿ ಎನ್ನುವ 15ಎಚ್ ಫಾರಂ ಕೊಟ್ಟಿದ್ದಾರೆ. ಒಂದು ಕಂಪನಿಯ 1,000 ಷೇರು ಇದೆ. 2025ರ ಆಗಸ್ಟ್‌ನಲ್ಲಿ 8,000 ಡಿವಿಡೆಂಡ್ ಪೂರ್ತಿ ಬಂತು. 2026ರ ಜನವರಿಯಲ್ಲಿ 10,000 ಬರಬೇಕಿತ್ತು, ಬಂದದ್ದು 8,200. ಟಿಡಿಎಸ್ ಶೇ. 10 ಅಂತಾರೆ, ಹಾಗಾದರೆ 1,000 ಅಲ್ವಾ ಹಿಡಿಯಬೇಕು? ಇನ್ನೊಂದು ಕಂಪನಿಯಿಂದ 7,500, ಊರಿನ ಸೊಸೈಟಿಯಿಂದ 4,200 ಪೂರ್ತಿ ಬಂದಿದೆ. ಅವಕ್ಕೆ ತೆರಿಗೆ ಇಲ್ಲ ಅಂತ ತಿಳಿದುಕೊಳ್ಳಬಹುದಾ? ಹಿಡಿದ ದುಡ್ಡು ವಾಪಸ್ ಬರುತ್ತಾ?

ಉತ್ತರ: ಕಂಪನಿ ಹಿಡಿದದ್ದು ಸರಿಯಾಗಿಯೇ ಇದೆ. 1,800 ಅನ್ನು 10,000ಕ್ಕೆ ಹೋಲಿಸಿದರೆ ಶೇ. 18 ಎಂದು ಕಾಣುತ್ತದೆ. ವರ್ಷದ ಒಟ್ಟು 18,000ಕ್ಕೆ ಹೋಲಿಸಿ ನೋಡಿ, ಸರಿಯಾಗಿ ಶೇ. 10. ಆ ದುಡ್ಡು ನಿಮ್ಮ ತಂದೆಯವರಿಗೆ ಪೂರ್ತಿ ವಾಪಸ್ ಬರುತ್ತದೆ. ಆದರೆ ಅದು ಕಂಪನಿಯಿಂದ ಬರುವುದಿಲ್ಲ, ಆದಾಯ ತೆರಿಗೆ ಇಲಾಖೆಯಿಂದ ಬರುತ್ತದೆ. ಅದಕ್ಕೆ ರಿಟರ್ನ್ ಹಾಕಲೇಬೇಕು. ಪೂರ್ತಿ ಬಂದ 7,500 ಮತ್ತು 4,200 ಕೂಡ ತೆರಿಗೆಯ ಲೆಕ್ಕಕ್ಕೆ ಸೇರುವ ಆದಾಯವೇ. ಯಾಕೆ ಹೀಗೆ ಅಂತ ಈಗ ನೋಡೋಣ.

ಆದಾಯ ತೆರಿಗೆ ಕಾಯ್ದೆಯ 194ನೇ ಕಲಮು ಕಂಪನಿಗೆ ಒಂದು ಕೆಲಸ ಹಚ್ಚಿದೆ. ಭಾರತದಲ್ಲಿ ವಾಸವಿರುವ ಷೇರುದಾರರಿಗೆ ಡಿವಿಡೆಂಡ್ ಕೊಡುವಾಗ ಶೇ. 10 ತೆರಿಗೆಯನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಇದೇ ಟಿಡಿಎಸ್. ಷೇರುದಾರರು ವ್ಯಕ್ತಿಯಾಗಿದ್ದು, ಆ ಒಂದು ಕಂಪನಿಯಿಂದ ಆ ಹಣಕಾಸು ವರ್ಷದಲ್ಲಿ ಬರುವ ಡಿವಿಡೆಂಡ್ 10,000 ದಾಟದಿದ್ದರೆ ಹಿಡಿಯಬೇಕಿಲ್ಲ. ಈ ಮಿತಿ 2025ರ ಏಪ್ರಿಲ್ 1ರಿಂದ 10,000 ಆಗಿದೆ. ಅದಕ್ಕೆ ಮೊದಲು 5,000 ಇತ್ತು.

ಈ ಮಿತಿಯನ್ನು ಪ್ರತಿ ಕಂತಿಗೂ ಬೇರೆ ಬೇರೆ ನೋಡುವುದಿಲ್ಲ. ವರ್ಷದ ಒಟ್ಟು ಮೊತ್ತಕ್ಕೆ ನೋಡುತ್ತಾರೆ. ಆಗಸ್ಟ್‌ನಲ್ಲಿ ಷೇರಿಗೆ 8 ರೂಪಾಯಿಯಂತೆ 8,000 ಕೊಟ್ಟಾಗ ಮಿತಿ ದಾಟಿರಲಿಲ್ಲ, ಕಂಪನಿ ಏನೂ ಹಿಡಿಯಲಿಲ್ಲ. ಜನವರಿಯಲ್ಲಿ ಷೇರಿಗೆ 10 ರೂಪಾಯಿ ಮಧ್ಯಂತರ ಡಿವಿಡೆಂಡ್ ಘೋಷಿಸಿದಾಗ ಒಟ್ಟು 18,000 ಆಯಿತು. ಮಿತಿ ದಾಟಿದ ಮೇಲೆ ದಾಟಿದಷ್ಟಕ್ಕೆ ಮಾತ್ರ ಹಿಡಿಯುವುದಲ್ಲ, ಮೊದಲ ರೂಪಾಯಿಯಿಂದಲೇ ಹಿಡಿಯುತ್ತಾರೆ. ಆಗಸ್ಟ್‌ನಲ್ಲಿ ಬಿಟ್ಟಿದ್ದ 800 ಮತ್ತು ಜನವರಿಯ 1,000, ಎರಡೂ ಸೇರಿ 1,800. ಆಗಸ್ಟ್‌ನ ಹಣ ಆಗಲೇ ನಿಮ್ಮ ಖಾತೆಗೆ ಬಂದಾಗಿತ್ತಲ್ಲ, ಹಾಗಾಗಿ ಪೂರ್ತಿ 1,800 ಜನವರಿಯ ಕಂತಿನಿಂದಲೇ ಹೋಯಿತು.

ಕೆಲವು ಕಂಪನಿಗಳು ಹೀಗೆ ಕಾಯುವುದೂ ಇಲ್ಲ. ಆ ವರ್ಷ ಕೊಡುವ 'ಸಂಭವ ಇರುವ' ಡಿವಿಡೆಂಡನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಕಲಮಿನಲ್ಲೇ ಇದೆ. ವರ್ಷಕ್ಕೆ ಮೂರು ನಾಲ್ಕು ಸಲ ಕೊಡುವ ಕಂಪನಿಯಾದರೆ ಮೊದಲ ಕಂತಿನಲ್ಲೇ ಹಿಡಿದುಬಿಡಬಹುದು. 4,000ಕ್ಕೂ ಹಿಡಿದರಲ್ಲ ಎಂದು ಜಗಳಕ್ಕೆ ಹೋಗಿ ಪ್ರಯೋಜನ ಇಲ್ಲ. ಇನ್ನೊಂದು ವಿಷಯವೂ ಇದೆ. ಕಂಪನಿ ಲೆಕ್ಕ ಹಾಕುವುದು ಪ್ಯಾನ್ ಮೇಲೆ, ಡಿಮ್ಯಾಟ್ ಖಾತೆಯ ಮೇಲೆ ಅಲ್ಲ. ಒಂದೇ ಕಂಪನಿಯ ಷೇರು ಎರಡು ಡಿಮ್ಯಾಟ್ ಖಾತೆಯಲ್ಲಿದ್ದು ಎರಡಕ್ಕೂ ಆರಾರು ಸಾವಿರ ಬಂದರೆ ಅದು 12,000 ಎಂದೇ ಲೆಕ್ಕ.

ಈಗ ಪೂರ್ತಿ ಬಂದ 7,500ರ ವಿಷಯ. ನಮ್ಮ ಕಡೆ ಜನ ತಪ್ಪು ತಿಳಿದುಕೊಳ್ಳುವುದು ಜಾಸ್ತಿ ಇಲ್ಲಿಯೇ. 10,000ದ ಮಿತಿ ಕಂಪನಿಗೆ ಹೇಳಿದ್ದು, ನಿಮಗೆ ಹೇಳಿದ್ದಲ್ಲ. ಸಣ್ಣ ಮೊತ್ತಕ್ಕೆಲ್ಲ ಹಿಡಿಯುತ್ತಾ ಕೂರಬೇಡಿ ಎಂದು ಕಂಪನಿಗೆ ಕೊಟ್ಟ ವಿನಾಯಿತಿ ಅದು. ಷೇರುದಾರರ ಕೈಯಲ್ಲಿ ಡಿವಿಡೆಂಡಿನ ಒಂದೊಂದು ರೂಪಾಯಿಯೂ 'ಇತರ ಮೂಲಗಳ ಆದಾಯ'. ಅವರ ಉಳಿದ ಆದಾಯದ ಜೊತೆ ಸೇರಿ, ಅವರ ಸ್ಲ್ಯಾಬಿನ ಪ್ರಕಾರ ತೆರಿಗೆಗೆ ಒಳಪಡುತ್ತದೆ. ಹಾಗೆಯೇ ಶೇ. 10 ಹಿಡಿದ ಮಾತ್ರಕ್ಕೆ ತೆರಿಗೆ ಮುಗಿಯಿತು ಎಂದೂ ಅಲ್ಲ. ಶೇ. 30ರ ಸ್ಲ್ಯಾಬಿನಲ್ಲಿ ಇರುವವರು ಉಳಿದದ್ದನ್ನು ತಾವೇ ಕಟ್ಟಬೇಕು. ತೆರಿಗೆಯೇ ಬಾರದವರು ಹಿಡಿದದ್ದನ್ನು ವಾಪಸ್ ಪಡೆಯಬೇಕು.

ಡಿವಿಡೆಂಡ್‌ಗೆ ತೆರಿಗೆ ಇಲ್ಲ ಎಂದು ನಿಮ್ಮ ತಂದೆಯವರು ಹೇಳುತ್ತಿದ್ದರೆ ಅದಕ್ಕೂ ಕಾರಣ ಇದೆ. 2020ರ ಮಾರ್ಚ್ 31ರವರೆಗೆ ಕಂಪನಿಯೇ ಡಿವಿಡೆಂಡ್ ಹಂಚಿಕೆ ತೆರಿಗೆ ಕಟ್ಟಿ ಉಳಿದದ್ದನ್ನು ಕೊಡುತ್ತಿತ್ತು. ಸಾಮಾನ್ಯ ಷೇರುದಾರರ ಕೈಗೆ ಬಂದ ಮೇಲೆ ಮತ್ತೆ ತೆರಿಗೆ ಇರಲಿಲ್ಲ. ವರ್ಷಕ್ಕೆ 10 ಲಕ್ಷಕ್ಕಿಂತ ಹೆಚ್ಚು ಡಿವಿಡೆಂಡ್ ಪಡೆಯುವವರಿಗೆ ಮಾತ್ರ ಬೇರೆ ನಿಯಮ ಇತ್ತು. 2020ರ ಏಪ್ರಿಲ್ 1ರಿಂದ ಆ ಪದ್ಧತಿ ಹೋಯಿತು. ತೆರಿಗೆಯ ಭಾರ ಕಂಪನಿಯಿಂದ ಷೇರುದಾರರ ಮೇಲೆ ಬಂತು. ಟಿಡಿಎಸ್ ಇಷ್ಟು ಜನರಿಗೆ ತಟ್ಟಲು ಶುರುವಾದದ್ದೂ ಆಮೇಲೆಯೇ.

ಟಿಡಿಎಸ್ ಹಿಡಿದಿಲ್ಲ, ಹಾಗಾಗಿ ಇಲಾಖೆಗೆ ಗೊತ್ತಾಗುವುದಿಲ್ಲ ಎಂದೂ ಕೆಲವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಯಾರಿಗೆ ಎಷ್ಟು ಡಿವಿಡೆಂಡ್ ಕೊಟ್ಟೆವು ಎಂಬ ಪಟ್ಟಿಯನ್ನು ಕಂಪನಿಗಳು ಇಲಾಖೆಗೆ ಬೇರೆಯಾಗಿಯೂ ಕೊಡುತ್ತವೆ. ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ತಂದೆಯವರ ಎಐಎಸ್, ಅಂದರೆ ವರ್ಷದ ಮಾಹಿತಿ ಪಟ್ಟಿ, ತೆರೆದು ನೋಡಿದರೆ 7,500ರ ಎದುರು SFT-015 ಎಂಬ ಗುರುತು ಸಿಗುತ್ತದೆ.

ಸೊಸೈಟಿಯ 4,200 ಮಾತ್ರ ಅಲ್ಲಿ ಕಾಣಲಿಕ್ಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟ ಇದ್ದವರ ಮನೆಯಲ್ಲಿ ಒಂದಾದರೂ ಸಹಕಾರಿ ಸಂಘದ ಷೇರು ಇದ್ದೇ ಇರುತ್ತದೆ. ಜನರಲ್ ಬಾಡಿ ಮುಗಿದ ಮೇಲೆ ಡಿವಿಡೆಂಡ್ ಸದಸ್ಯರ ಖಾತೆಗೆ ಜಮಾ ಆಗುತ್ತದೆ. ಎಷ್ಟೋ ಸಲ ಅದು ಗೊಬ್ಬರದ ಬಾಕಿಗೇ ವಜಾ ಆಗಿರುತ್ತದೆ, ಬಂದದ್ದೇ ಗೊತ್ತಾಗುವುದಿಲ್ಲ. 194ನೇ ಕಲಮು ಹೇಳುವುದು ಕಂಪನಿಗಳ ಬಗ್ಗೆ. ಸಹಕಾರಿ ಸಂಘ ಕಂಪನಿ ಅಲ್ಲ. ಹಾಗಾಗಿ ಆ ಕಲಮಿನ ಪ್ರಕಾರ ಟಿಡಿಎಸ್ ಹಿಡಿಯುವ ಪ್ರಶ್ನೆಯೇ ಬರುವುದಿಲ್ಲ, ಮೊತ್ತ ಎಷ್ಟೇ ಇರಲಿ. ಆದರೆ ಸದಸ್ಯರ ಕೈಯಲ್ಲಿ ಅದು ತೆರಿಗೆಯ ಲೆಕ್ಕಕ್ಕೆ ಬರುವ ಆದಾಯ. ಕಂಪನಿ ಡಿವಿಡೆಂಡ್‌ಗೆ ತೆರಿಗೆ ಇಲ್ಲದ ಕಾಲದಲ್ಲೂ ಸೊಸೈಟಿ ಡಿವಿಡೆಂಡ್‌ಗೆ ಆ ವಿನಾಯಿತಿ ಇರಲಿಲ್ಲ. ಬಾಕಿಗೆ ವಜಾ ಆಗಿದ್ದರೂ ಅದು ಬಂದ ಹಣವೇ. ಸೊಸೈಟಿಯ ಖಾತೆ ಉತಾರ ತೆಗೆಸಿ ನೋಡಿ.

ಸೊಸೈಟಿ ಮಾರುವುದು ನಮ್ಮ ಅಡಿಕೆಯನ್ನೇ, ಹಾಗಾಗಿ ಅದರ ಡಿವಿಡೆಂಡ್ ಕೃಷಿ ಆದಾಯ ಅಲ್ವಾ ಎಂದು ನೀವು ಕೇಳಬಹುದು. ಅಲ್ಲ. ಇದೇ ಬಗೆಯ ಪ್ರಶ್ನೆ 1954ರಲ್ಲಿ ಬಾಚಾ ಗುಜ್ದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಅವರ ಹತ್ತಿರ ಚಹಾ ಕಂಪನಿಗಳ ಷೇರು ಇತ್ತು. ಆ ಕಂಪನಿಗಳ ಆದಾಯದಲ್ಲಿ ಶೇ. 60 ಕೃಷಿಯದು ಎಂದು ಬಿಟ್ಟು, ಶೇ. 40ಕ್ಕೆ ಮಾತ್ರ ತೆರಿಗೆ ಹಾಕುತ್ತಿದ್ದರು. ಹಾಗಾದರೆ ನನ್ನ ಡಿವಿಡೆಂಡಿನಲ್ಲೂ ಶೇ. 60 ಕೃಷಿ ಆದಾಯ ಎಂಬುದು ಅವರ ವಾದ. ಕೋರ್ಟ್ ಒಪ್ಪಲಿಲ್ಲ. ಚಹಾ ಬೆಳೆಯುವುದು ಕಂಪನಿ, ಭೂಮಿಯೂ ಕಂಪನಿಯದು. ಷೇರುದಾರರಿಗೆ ಡಿವಿಡೆಂಡ್ ಬರುವುದು ಷೇರು ಇಟ್ಟುಕೊಂಡದ್ದಕ್ಕೆ, ಭೂಮಿಯಿಂದ ನೇರವಾಗಿ ಅಲ್ಲ ಎಂದು ಹೇಳಿತು. ನಿಮ್ಮ ತಂದೆಯವರ ತೋಟದ ಆರೂವರೆ ಲಕ್ಷ ಕೃಷಿ ಆದಾಯ. 4,200 ಅಲ್ಲ.

ಈಗ ಲೆಕ್ಕ ಹಾಕೋಣ. ಮೊದಲ ಕಂಪನಿಯ ಡಿವಿಡೆಂಡ್ 18,000. ಕೈಗೆ ಬಂದ 16,200 ಅಲ್ಲ, ಹಿಡಿಯುವ ಮೊದಲಿನ ಪೂರ್ತಿ ಮೊತ್ತ. ಎರಡನೆಯದು 7,500, ಸೊಸೈಟಿಯದು 4,200. ಡಿವಿಡೆಂಡ್ ಒಟ್ಟು 29,700. ಬಡ್ಡಿ 1,60,000 ಸೇರಿಸಿದರೆ 1,89,700. ಕೃಷಿ ಬಿಟ್ಟು ಅವರ ಆದಾಯ ಇಷ್ಟೇ. 2025-26ಕ್ಕೆ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಹಾಗಾಗಿ ತೆರಿಗೆ ಸೊನ್ನೆ. ಕಂಪನಿ ಹಿಡಿದ 1,800 ಪೂರ್ತಿ ವಾಪಸ್.

ಆರೂವರೆ ಲಕ್ಷ ಅಡಿಕೆ ದುಡ್ಡು ಇದರಲ್ಲಿ ಎಲ್ಲಿ ಬಂತು? ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲ. ಆದರೆ ಉಳಿದ ಆದಾಯದ ದರ ನಿಗದಿ ಮಾಡಲು ಅದನ್ನು ಸೇರಿಸಿ ನೋಡುವ ಒಂದು ಪದ್ಧತಿ ಇದೆ. ಅದು ಶುರುವಾಗುವುದು ಕೃಷಿ ಆದಾಯ 5,000 ದಾಟಿ, ಕೃಷಿಯೇತರ ಆದಾಯವೂ 4 ಲಕ್ಷ ದಾಟಿದಾಗ. ನಿಮ್ಮ ತಂದೆಯವರದು 1,89,700, ಹಾಗಾಗಿ ಸೇರಿಸುವ ಪ್ರಶ್ನೆ ಇಲ್ಲ.

ಮುಂದೆ ಅವರು ಒಂದು ಜಾಗ ಮಾರಿ ಎಫ್‌ಡಿ ಮಾಡಿದರು, ಕೃಷಿಯೇತರ ಆದಾಯ 5 ಲಕ್ಷ ಆಯಿತು ಎಂದಿಟ್ಟುಕೊಳ್ಳಿ. ಆಗ ಎರಡೂ ಸೇರಿಸಿ 11,50,000ಕ್ಕೆ ತೆರಿಗೆ ಲೆಕ್ಕ ಹಾಕಬೇಕು. ಅದು 55,000. ಆಮೇಲೆ ಕೃಷಿ ಆದಾಯಕ್ಕೆ 4 ಲಕ್ಷ ಸೇರಿಸಿ 10,50,000ಕ್ಕೆ ಲೆಕ್ಕ ಹಾಕಬೇಕು. ಅದು 45,000. ಎರಡರ ವ್ಯತ್ಯಾಸ 10,000 ಅವರ ತೆರಿಗೆ. ಕೃಷಿ ಇಲ್ಲದಿದ್ದರೆ ಇದೇ 5 ಲಕ್ಷಕ್ಕೆ 5,000 ಆಗುತ್ತಿತ್ತು. ಆದರೂ ಕಟ್ಟಬೇಕಿಲ್ಲ. ಕೃಷಿ ಬಿಟ್ಟು ಉಳಿದ ಆದಾಯ 12 ಲಕ್ಷದ ಒಳಗಿದ್ದರೆ 87ಎ ಕಲಮಿನ ರಿಯಾಯಿತಿ 60,000ದವರೆಗೆ ಸಿಗುತ್ತದೆ. 10,000 ಅದರಲ್ಲಿ ಹೋಗುತ್ತದೆ.

ತೋಟ ದೊಡ್ಡದಿದ್ದವರು ಮಾತ್ರ ಸ್ವಲ್ಪ ಎಚ್ಚರ ಇರಬೇಕು. ಅಡಿಕೆಯಿಂದ 20 ಲಕ್ಷ, ಡಿವಿಡೆಂಡ್ ಮತ್ತು ಬಡ್ಡಿ ಸೇರಿ 7 ಲಕ್ಷ ಎಂದುಕೊಳ್ಳಿ. 27 ಲಕ್ಷಕ್ಕೆ ತೆರಿಗೆ 3,90,000. 24 ಲಕ್ಷಕ್ಕೆ 3,00,000. ವ್ಯತ್ಯಾಸ 90,000. ರಿಯಾಯಿತಿ 60,000 ಕಳೆದರೂ 30,000 ಉಳಿಯುತ್ತದೆ. ಶೇ. 4 ಸೆಸ್ ಸೇರಿ 31,200. '12 ಲಕ್ಷದವರೆಗೆ ತೆರಿಗೆ ಇಲ್ಲ' ಎಂದು ಪೇಪರಿನಲ್ಲಿ ಓದಿ ಸುಮ್ನೆ ಕುಳಿತ ದೊಡ್ಡ ತೋಟದವರಿಗೆ ನೋಟಿಸ್ ಬರುವುದು ಹೀಗೆ. ಕಂಪನಿ ಹಿಡಿದ ಟಿಡಿಎಸ್ ಈ 31,200ರಲ್ಲಿ ವಜಾ ಆಗುತ್ತದೆ, ವಾಪಸ್ ಬರುವುದಿಲ್ಲ.

ಇನ್ನು 15ಎಚ್. ಬ್ಯಾಂಕಿಗೆ ಕೊಟ್ಟ 15ಎಚ್ ಬ್ಯಾಂಕಿನ ಬಡ್ಡಿಗೆ ಮಾತ್ರ. ಅದು ಕಂಪನಿಗೆ ಗೊತ್ತಾಗುವುದೇ ಇಲ್ಲ. ಡಿವಿಡೆಂಡ್‌ಗೆ ಬೇಕಿದ್ದರೆ ಒಂದೊಂದು ಕಂಪನಿಗೂ ಬೇರೆ ಬೇರೆ ಕೊಡಬೇಕು, ಅದೂ ಪ್ರತಿ ವರ್ಷ ಹೊಸದಾಗಿ. ಕೊಡುವ ಜಾಗ ಕಂಪನಿಯ ಕಚೇರಿ ಅಲ್ಲ, ಅದರ ರಿಜಿಸ್ಟ್ರಾರ್. ಕೆಫಿನ್ ಟೆಕ್ನಾಲಜೀಸ್, ಎಂಯುಎಫ್‌ಜಿ ಇನ್‌ಟೈಮ್ ಇಂಥ ಸಂಸ್ಥೆಗಳು ಕಂಪನಿಗಳ ಪರವಾಗಿ ಷೇರುದಾರರ ದಾಖಲೆ ನೋಡಿಕೊಳ್ಳುತ್ತವೆ. ಡಿವಿಡೆಂಡ್ ಘೋಷಣೆಯಾದಾಗ ಷೇರುದಾರರ ಈಮೇಲ್‌ಗೆ ಟಿಡಿಎಸ್ ಬಗ್ಗೆ ಒಂದು ಪತ್ರ ಬರುತ್ತದೆ. ಯಾವ ದಿನದೊಳಗೆ, ಯಾವ ಲಿಂಕಿನಲ್ಲಿ ಫಾರಂ ಹಾಕಬೇಕು ಎಂದು ಅದರಲ್ಲಿ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಆ ಈಮೇಲ್ ಯಾರೂ ನೋಡುವುದಿಲ್ಲ. ಡಿಮ್ಯಾಟ್ ತೆರೆಯುವಾಗ ಬೆಂಗಳೂರಿನಲ್ಲಿರುವ ಮಗನದೋ ಅಳಿಯನದೋ ಈಮೇಲ್ ಕೊಟ್ಟಿರುತ್ತಾರೆ, ಅಲ್ಲಿಗೆ ಹೋಗಿ ಬಿದ್ದಿರುತ್ತದೆ. ಮೊದಲು ಇದನ್ನು ನೋಡಿ. ಬಹುಶಃ ಆ ಪತ್ರ ನಿಮಗೇ ಬಂದಿರಬಹುದು!

ದಿನ ಮೀರಿದ ಮೇಲೆ ಫಾರಂ ಕೊಟ್ಟರೆ ಹಿಂದಿನದಕ್ಕೆ ಉಪಯೋಗ ಇಲ್ಲ. ಜನವರಿಯಲ್ಲಿ ಹಿಡಿದದ್ದನ್ನು ಕಂಪನಿ ಫೆಬ್ರವರಿ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಕಟ್ಟಿದ ಮೇಲೆ ಅದು ಕಂಪನಿಯ ಕೈಯಲ್ಲಿ ಇರುವುದಿಲ್ಲ. ಫೋನ್ ಮಾಡಿ ಎಷ್ಟು ಕೇಳಿದರೂ ರಿಟರ್ನ್ ಹಾಕಿ ತಗೊಳ್ಳಿ ಎನ್ನುತ್ತಾರೆ, ಅದು ಸರಿಯಾದ ಉತ್ತರವೇ.

60 ದಾಟಿದವರಿಗೆ 15ಎಚ್ ಕೊಡಲು ಇರುವ ಮುಖ್ಯ ಷರತ್ತು ಒಂದೇ. ವರ್ಷದ ಅಂದಾಜು ಆದಾಯಕ್ಕೆ ತೆರಿಗೆ ಸೊನ್ನೆ ಬರಬೇಕು. 60 ಆಗದವರು 15ಜಿ ಕೊಡಬೇಕು. ಅದಕ್ಕೆ ಇನ್ನೊಂದು ಷರತ್ತೂ ಇದೆ. ಡಿವಿಡೆಂಡ್, ಬಡ್ಡಿ ಇಂಥ ಆದಾಯಗಳ ಮೊತ್ತವೇ ತೆರಿಗೆ ಇಲ್ಲದ ಮೂಲ ಮಿತಿ ದಾಟಿರಬಾರದು. ತೋಟ ಚಿಕ್ಕದು, ಪಿಂಚಣಿ ಇಲ್ಲ ಎನ್ನುವ ಹಿರಿಯರಿಗೆ 15ಎಚ್ ಕೊಡುವುದೇ ಒಳ್ಳೆಯದು. ಆದರೆ ತೆರಿಗೆ ಬರುವ ಸಂಭವ ಇದ್ದರೆ ಕೊಡಬೇಡಿ. ಅದು ಸಹಿ ಮಾಡಿ ಕೊಡುವ ಘೋಷಣೆ, ಸುಳ್ಳಾದರೆ ಶಿಕ್ಷೆಯೂ ಇದೆ.

ಈಗ ಮಾಡಬೇಕಾದ ಕೆಲಸ ರಿಟರ್ನ್. ಅವಸರ ಮಾಡಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಕಂಪನಿಗೆ ಮೇ 31ರವರೆಗೆ ಸಮಯ ಇದೆ. ಡಿವಿಡೆಂಡ್ ಪಟ್ಟಿ ಕೊಡಲೂ ಅದೇ ಕೊನೆಯ ದಿನ. ಹಾಗಾಗಿ ಏಪ್ರಿಲ್‌ನಲ್ಲಿ ನೋಡಿದರೆ 1,800 ಕಾಣಿಸದೇ ಇರಬಹುದು. ಜೂನ್ ಮಧ್ಯದ ಹೊತ್ತಿಗೆ ಎಲ್ಲ ಬಂದಿರುತ್ತದೆ, ಟಿಡಿಎಸ್ ಹಿಡಿದದ್ದಕ್ಕೆ ಕಂಪನಿ ಕೊಡುವ 16ಎ ಪ್ರಮಾಣಪತ್ರವೂ ಆಗಲೇ ಸಿಗುತ್ತದೆ. ನಿಮ್ಮ ತಂದೆಯವರಿಗೆ ಕೊನೆಯ ದಿನ ಜುಲೈ 31. ಕೃಷಿ ಬಿಟ್ಟು ಉಳಿದ ಆದಾಯ 4 ಲಕ್ಷದ ಒಳಗಿರುವುದರಿಂದ ಬೇರೆ ಕಾರಣ ಇಲ್ಲದಿದ್ದರೆ ರಿಟರ್ನ್ ಕಡ್ಡಾಯ ಅಲ್ಲ. ಆದರೆ ಹಾಕದೆ 1,800 ಬರುವುದಿಲ್ಲ.

ಮೊದಲು ಹಿಡಿದ ತೆರಿಗೆಯ ಲೆಕ್ಕ ತೋರಿಸುವ 26ಎಎಸ್ ಮತ್ತು ಎಐಎಸ್ ಎರಡನ್ನೂ ಇಳಿಸಿಕೊಂಡು ಬ್ಯಾಂಕ್ ಪಾಸ್‌ಬುಕ್ ಪಕ್ಕಕ್ಕೆ ಇಟ್ಟುಕೊಳ್ಳಿ. ಪಾಸ್‌ಬುಕ್‌ನಲ್ಲಿ ಡಿವಿಡೆಂಡ್ ಸಾಮಾನ್ಯವಾಗಿ ACH ಅಥವಾ NACH ಎಂಬ ಸಾಲಿನಲ್ಲಿ ಬರುತ್ತದೆ, ಪಕ್ಕದಲ್ಲಿ ಕಂಪನಿಯ ಹೆಸರಿನ ತುಂಡು ಇರುತ್ತದೆ. ಅಲ್ಲಿ 8,200 ಇದ್ದರೆ 26ಎಎಸ್‌ನಲ್ಲಿ ಅದೇ ಕಂಪನಿಯ ಎದುರು 1,800 ತೆರಿಗೆ ಕಾಣಬೇಕು. ಮೊತ್ತದ ಕಾಲಂನಲ್ಲಿ 18,000 ಇರಬಹುದು, 10,000 ಎಂದೂ ಇರಬಹುದು. ಹೇಗೇ ಇದ್ದರೂ ನೀವು ತೋರಿಸಬೇಕಾದ ಆದಾಯ 18,000.

ಎಐಎಸ್‌ನಲ್ಲಿ ಒಂದೇ ಡಿವಿಡೆಂಡ್ ಎರಡು ಕಡೆ ಕಾಣುವುದೂ ಉಂಟು. ಒಂದು TDS-194 ಎಂದು, ಇನ್ನೊಂದು SFT-015 ಎಂದು. ಎರಡನ್ನೂ ಕೂಡಿಸಿ 36,000 ಮಾಡಿಬಿಡಬೇಡಿ. ಪಾಸ್‌ಬುಕ್ ಜೊತೆ ತಾಳೆ ನೋಡಿದರೆ ತಿಳಿಯುತ್ತದೆ. ಎಐಎಸ್‌ನಲ್ಲೇ ಆ ಸಾಲಿಗೆ 'ಇದು ಇನ್ನೊಂದು ಕಡೆ ಸೇರಿದೆ' ಎಂಬ ಪ್ರತಿಕ್ರಿಯೆ ಕೊಡಬಹುದು.

ಫಾರಂ ಯಾವುದು? ಐಟಿಆರ್-1 ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ತಂದೆಯವರಿಗೆ ಅದು ಆಗುವುದಿಲ್ಲ. ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ಹಾಕಲು ಬರುವುದಿಲ್ಲ. ಐಟಿಆರ್-2 ತೆಗೆದುಕೊಳ್ಳಿ. ಅದರಲ್ಲಿ Schedule OS ಎಂಬ ಭಾಗದಲ್ಲಿ ಡಿವಿಡೆಂಡ್ ಸಾಲಿಗೆ 25,500 ಬರೆಯಿರಿ. ಸೊಸೈಟಿಯ 4,200 ಅನ್ನು ಅಲ್ಲಿಯೇ ಕೆಳಗೆ ಇತರ ಆದಾಯದ ಸಾಲಿನಲ್ಲಿ ಸೊಸೈಟಿ ಡಿವಿಡೆಂಡ್ ಎಂದು ಹೆಸರು ಹಾಕಿ ತೋರಿಸುವುದು ನನ್ನ ರೂಢಿ. ಎಐಎಸ್ ಜೊತೆ ತಾಳೆ ಹಾಕುವಾಗ ಕಂಪನಿ ಡಿವಿಡೆಂಡ್ ಬೇರೆಯಾಗಿ ಇದ್ದರೆ ಗೊಂದಲ ಇರುವುದಿಲ್ಲ.

ಡಿವಿಡೆಂಡ್ ಯಾವ ಅವಧಿಯಲ್ಲಿ ಬಂತು ಎಂದೂ ಅಲ್ಲಿ ಕೇಳುತ್ತದೆ. ಆಗಸ್ಟ್‌ನ 8,000 ಜೂನ್ 16ರಿಂದ ಸೆಪ್ಟೆಂಬರ್ 15ರ ಕಾಲಂಗೆ, ಜನವರಿಯ 10,000 ಡಿಸೆಂಬರ್ 16ರಿಂದ ಮಾರ್ಚ್ 15ರ ಕಾಲಂಗೆ. ಮುಂಗಡ ತೆರಿಗೆಯ ಬಡ್ಡಿ ಲೆಕ್ಕಕ್ಕೆ ಇದು ಬೇಕು. ನಿಮ್ಮ ತಂದೆಯವರಿಗೆ ಮುಂಗಡ ತೆರಿಗೆಯೇ ಇಲ್ಲ, ಆದರೂ ಕಾಲಂ ತುಂಬಬೇಕು.

ಅಡಿಕೆಯ ಆದಾಯ Schedule EI ಎಂಬ ಭಾಗಕ್ಕೆ ಹೋಗುತ್ತದೆ. ಒಟ್ಟು ಹುಟ್ಟುವಳಿ ಎಷ್ಟು; ಕೊಯ್ಲು, ಕೊಳೆ ಔಷಧಿ, ಗೊಬ್ಬರ ಎಲ್ಲ ಸೇರಿ ಖರ್ಚು ಎಷ್ಟು ಎಂದು ಬರೆಯಬೇಕು. ನಿವ್ವಳ 5 ಲಕ್ಷ ದಾಟಿದ್ದರಿಂದ ಜಮೀನಿನ ವಿವರವೂ ಬೇಕು: ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ. ವಿಸ್ತೀರ್ಣ ಎಕರೆಯಲ್ಲಿ ಕೇಳುತ್ತದೆ. ಪಹಣಿಯಲ್ಲಿ ಇರುವುದು ಎಕರೆ-ಗುಂಟೆ. 3 ಎಕರೆ 20 ಗುಂಟೆಯನ್ನು 3.20 ಎಂದು ಬರೆಯುವವರೇ ಜಾಸ್ತಿ. ಎಕರೆಗೆ 40 ಗುಂಟೆ, ಹಾಗಾಗಿ ಅದು 3.50.

ಕೊನೆಗೆ ಟಿಡಿಎಸ್ ಭಾಗ. ಕಂಪನಿಯ ಟ್ಯಾನ್ ನಂಬರ್, 1,800 ತೆರಿಗೆ, ಅದರ ಎದುರಿನ ಆದಾಯ ಅಲ್ಲಿ ತಾನಾಗಿ ತುಂಬಿ ಬಂದಿರುತ್ತದೆ. ತೆರಿಗೆ ವಾಪಸ್ ಕೇಳಿ ಆದಾಯವನ್ನು ಮಾತ್ರ 16,200 ಎಂದು ಕಡಿಮೆ ತೋರಿಸಿದರೆ ಇಲಾಖೆಯ ಕಂಪ್ಯೂಟರ್ ಅಲ್ಲಿಯೇ ಹಿಡಿಯುತ್ತದೆ. ಡಿವಿಡೆಂಡ್ ರಿಟರ್ನ್‌ಗಳಲ್ಲಿ ನಾನು ಜಾಸ್ತಿ ನೋಡುವ ತಪ್ಪು ಇದೇ. ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ದೃಢೀಕರಣ ಆಗಿದೆಯೇ ನೋಡಿ. ರಿಟರ್ನ್ ಹಾಕಿ 30 ದಿನದೊಳಗೆ ಇ-ವೆರಿಫೈ ಮಾಡಿ. ಜುಲೈ 31ರೊಳಗೆ ಹಾಕಿದರೆ ಏಪ್ರಿಲ್‌ನಿಂದ ತಿಂಗಳಿಗೆ ಶೇ. ಅರ್ಧ ಬಡ್ಡಿಯೂ ಸಿಗುತ್ತದೆ. 1,800ಕ್ಕೆ ತಿಂಗಳಿಗೆ 9 ರೂಪಾಯಿ. ಒಂದು ಚಹಾ ಕೂಡ ಬರಲಿಕ್ಕಿಲ್ಲ, ಆದರೆ ಮುಂದಿನ ವರ್ಷ ಅದನ್ನೂ ಆದಾಯ ಎಂದು ತೋರಿಸಬೇಕು!

ಹಿಡಿದದ್ದು 1,800ರ ಬದಲು 3,600 ಆಗಿದ್ದರೆ ಕಥೆ ಬೇರೆ ಇರುತ್ತಿತ್ತು. ವರ್ಷದ ಒಟ್ಟು ಡಿವಿಡೆಂಡಿಗೆ ಭಾಗಿಸಿದಾಗ ಶೇ. 20 ಬಂದರೆ ಪ್ಯಾನ್ ತೊಂದರೆ ಎಂದು ತಿಳಿಯಿರಿ. ಪ್ಯಾನ್ ಕೊಟ್ಟಿರುವುದಿಲ್ಲ, ಇಲ್ಲವೇ ಆಧಾರ್ ಜೊತೆ ಜೋಡಿಸದೆ ಅದು ನಿಷ್ಕ್ರಿಯ ಆಗಿರುತ್ತದೆ. ಕಾಗದದ ರೂಪದಲ್ಲೇ ಹಳೆಯ ಷೇರು ಇಟ್ಟುಕೊಂಡ ಹಿರಿಯರಿಗೆ ಇದು ಆಗುವ ಸಂಭವ ಜಾಸ್ತಿ. ನಿಷ್ಕ್ರಿಯ ಪ್ಯಾನ್‌ಗೆ ಇಲಾಖೆ ರಿಫಂಡ್ ಕೂಡ ಕೊಡುವುದಿಲ್ಲ. ಮೊದಲು ಜೋಡಿಸಬೇಕು, ಆಮೇಲೆ ಉಳಿದದ್ದು.

ಷೇರು ಅವಿಭಕ್ತ ಕುಟುಂಬದ ಪ್ಯಾನ್‌ನಲ್ಲಿ ಇದ್ದರೂ ಲೆಕ್ಕ ಬದಲಾಗುತ್ತದೆ. 10,000ದ ಮಿತಿ ವ್ಯಕ್ತಿಗಳಿಗೆ ಮಾತ್ರ. ಕುಟುಂಬದ ಹೆಸರಿಗೆ 2,000 ಬಂದರೂ ಶೇ. 10 ಹಿಡಿಯಬೇಕು. ಡಿವಿಡೆಂಡ್‌ಗೆ 15ಜಿ ಕೊಡುವ ದಾರಿಯೂ ಅದಕ್ಕೆ ಇಲ್ಲ. ರಿಟರ್ನ್ ಒಂದೇ ದಾರಿ.

ಇಲ್ಲಿ ಹೇಳಿದ್ದೆಲ್ಲ 2025-26ನೇ ವರ್ಷಕ್ಕೆ, 1961ರ ಕಾಯ್ದೆಯ ಪ್ರಕಾರ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಸಂಬಳದ್ದು ಬಿಟ್ಟು ಉಳಿದ ಟಿಡಿಎಸ್ ಕಲಮುಗಳು 393ರ ಕೆಳಗೆ ಸೇರಿವೆ. ಡಿವಿಡೆಂಡ್‌ಗೆ ಶೇ. 10 ಮತ್ತು 10,000ದ ಮಿತಿ ಹಾಗೆಯೇ ಇದೆ, ಆದರೆ ಫಾರಂಗಳ ನಂಬರ್ ಬದಲಾಗುತ್ತದೆ. ಹಾಗಾಗಿ ಆಗಸ್ಟ್‌ನ ಡಿವಿಡೆಂಡ್‌ಗೆ ಮೊದಲು ಹಳೆಯ 15ಎಚ್ ಪ್ರತಿ ತುಂಬಿ ಕಳಿಸಬೇಡಿ. ಕಂಪನಿಯಿಂದ ಬರುವ ಟಿಡಿಎಸ್ ಪತ್ರದಲ್ಲಿ ಯಾವ ಫಾರಂ ಕೇಳಿದ್ದಾರೋ ಅದನ್ನೇ, ಅವರು ಹೇಳಿದ ದಿನದೊಳಗೆ, ಎರಡೂ ಕಂಪನಿಗಳ ರಿಜಿಸ್ಟ್ರಾರ್ ಬಳಿ ಬೇರೆ ಬೇರೆಯಾಗಿ ಹಾಕಿಸಿ.